ಕಿಸಾಗೋತಮಿಯ ಸಾಸಿವೆ: ದುಃಖದ ಬೌದ್ಧ ಕಥೆಯೊಂದನ್ನು ಆರು ನಿಮಿಷದ ವಿಡಿಯೊ ಸ್ಕ್ರಿಪ್ಟ್ ಆಗಿ ಬರೆಯುವ ಬಗೆ

ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳನ್ನು ಬುದ್ಧ ಸಾಸಿವೆ ತರಲು ಕಳುಹಿಸಿದ ಕಥೆಯನ್ನು ಕೇಳದವರು ಕಡಿಮೆ. ಸಾವಿಲ್ಲದ ಮನೆಯೇ ಇಲ್ಲವೆಂಬ ಅದರ ಕೊನೆಯೂ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಸ್ಕ್ರಿಪ್ಟ್ ಬರೆಯುವವರಿಗೆ ಇದೇ ಮೊದಲ ತೊಡಕು. ಅಂತ್ಯ ತಿಳಿದಿರುವ ಕಾರಣ ಹೆಚ್ಚಿನವರು ಅದರತ್ತ ಓಡುತ್ತಾರೆ, ಮನೆಗಳ ಭಾಗವನ್ನು ಎರಡು ವಾಕ್ಯಗಳಲ್ಲಿ ಮುಗಿಸುತ್ತಾರೆ, ಉಳಿದ ಸಮಯವನ್ನೆಲ್ಲ ಬುದ್ಧನ ಉಪದೇಶಕ್ಕೆ ಕೊಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಥೆಯ ಜೀವ ಇರುವುದು ಆ ಮನೆಗಳ ಹೊಸ್ತಿಲುಗಳಲ್ಲಿ. ಗೋತಮಿಯನ್ನು ಬದಲಿಸುವುದು ಗುರುವಿನ ಮಾತಿಗಿಂತ ಹೆಚ್ಚಾಗಿ ಅಪರಿಚಿತರು ತಮ್ಮ ಮನೆಯ ಸಾವನ್ನು ಅವಳಿಗೆ ಹೇಳಿದ ಆ ಗಳಿಗೆಗಳು. ಈ ಮಾರ್ಗದರ್ಶಿಯ ಹಂತಗಳೆಲ್ಲ ಅಲ್ಲಿಗೆ ಜಾಗ ಮಾಡಿಕೊಡುವುದಕ್ಕಾಗಿಯೇ ಇವೆ.

ಹಂತ 1: ಮೂಲದಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಿ

ಕಥೆಯ ವಿವರವಾದ ರೂಪ ದೊರೆಯುವುದು ಧಮ್ಮಪದದ ಪಾಲಿ ವ್ಯಾಖ್ಯಾನವಾದ ಅಟ್ಠಕಥೆಯಲ್ಲಿ, 114ನೆಯ ಗಾಥೆಯ ಹಿನ್ನೆಲೆಯಾಗಿ. 287ನೆಯ ಗಾಥೆಗೂ ಇದೇ ಪ್ರಸಂಗದ ನಂಟಿದೆ. ಹಿರಿಯ ಭಿಕ್ಷುಣಿಯರ ಗಾಥೆಗಳ ಸಂಗ್ರಹವಾದ ಥೇರೀಗಾಥೆಯಲ್ಲಿ ಕಿಸಾಗೋತಮಿಯ ಹೆಸರಿನ ಗಾಥೆಗಳಿದ್ದರೂ ಸಾಸಿವೆಯ ಪ್ರಸಂಗ ಅವುಗಳಲ್ಲಿಲ್ಲ, ಅದರ ವ್ಯಾಖ್ಯಾನದಲ್ಲಿದೆ. ಕಥೆ ನಡೆಯುವುದು ಕೋಸಲ ರಾಜ್ಯದ ರಾಜಧಾನಿಯಾದ ಶ್ರಾವಸ್ತಿಯಲ್ಲಿ, ನಗರದ ಹೊರಗಿನ ಜೇತವನ ವಿಹಾರದ ಸುತ್ತಮುತ್ತ.

ಅಟ್ಠಕಥೆಯ ಕ್ರಮ ಹೀಗಿದೆ. ಗೋತಮಿ ಸಿರಿವಂತರ ಮನೆಗೆ ಸೊಸೆಯಾಗಿ ಬರುತ್ತಾಳೆ, ಅವಳಿಗೆ ಮಗ ಹುಟ್ಟುತ್ತಾನೆ, ನಡೆಯಲು ಕಲಿಯುವ ವಯಸ್ಸಿನಲ್ಲಿ ಮಗು ತೀರಿಹೋಗುತ್ತದೆ. ಅವಳು ಅದುವರೆಗೆ ಸಾವನ್ನೇ ಕಂಡವಳಲ್ಲ. ಆದ್ದರಿಂದ ದೇಹವನ್ನು ಒಯ್ಯಲು ಬಂದವರನ್ನು ತಡೆದು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಔಷಧ ಕೇಳುತ್ತ ಮನೆಮನೆ ಅಲೆಯುತ್ತಾಳೆ. ಜನ ಅವಳಿಗೆ ಹುಚ್ಚು ಹಿಡಿದಿದೆ ಎನ್ನುತ್ತಾರೆ. ವಿವೇಕಿಯೊಬ್ಬ ಮಾತ್ರ ಅವಳ ಸ್ಥಿತಿಯನ್ನು ಅರಿತು ಬುದ್ಧನ ಬಳಿಗೆ ಕಳುಹಿಸುತ್ತಾನೆ.

ಮುಂದಿನ ಸಂಭಾಷಣೆಯಲ್ಲಿ ಸಾಮಾನ್ಯವಾಗಿ ಕಳೆದುಹೋಗುವ ಎರಡು ವಿವರಗಳಿವೆ. ಮಗುವಿಗೆ ಔಷಧ ಗೊತ್ತಿದೆಯೇ ಎಂಬ ಪ್ರಶ್ನೆಗೆ ಬುದ್ಧ ಗೊತ್ತಿದೆ ಎನ್ನುತ್ತಾನೆಯೇ ಹೊರತು ಮಗು ಬದುಕುತ್ತದೆ ಎಂದು ಎಲ್ಲಿಯೂ ಹೇಳುವುದಿಲ್ಲ. ಒಂದು ಚಿಟಿಕೆ ಸಾಸಿವೆ ಸಾಕೆಂದು ಅವನು ಹೇಳಿದ ಮೇಲೆ, ಅದನ್ನು ಯಾರ ಮನೆಯಿಂದ ತರಬೇಕು ಎಂದು ಕೇಳುವವಳು ಗೋತಮಿಯೇ. ಸಾವು ಕಾಣದ ಮನೆಯಿಂದ ಎಂಬ ಷರತ್ತು ಬರುವುದು ಅವಳ ಆ ಪ್ರಶ್ನೆಗೆ ಉತ್ತರವಾಗಿ. ಈ ಎರಡನ್ನೂ ಗುರುತು ಹಾಕಿಕೊಳ್ಳಿ. ಹಂತ 4ರಲ್ಲಿ ಬೇಕಾಗುತ್ತವೆ.

ಹಂತ 2: ಬಿಡಬೇಕಾದುದನ್ನು ಈಗಲೇ ಬಿಡಿ

ಅಟ್ಠಕಥೆಯ ಆರಂಭದಲ್ಲಿ ಶ್ರೀಮಂತನೊಬ್ಬನ ಸಂಪತ್ತು ಇದ್ದಿಲಾಗುವ, ಗೋತಮಿಯ ಕಣ್ಣಿಗೆ ಮಾತ್ರ ಅದು ಹೊನ್ನಾಗಿ ಕಾಣುವ ಅದ್ಭುತ ಪ್ರಸಂಗವಿದೆ. ಸೊಗಸಾದ ಕಥೆಯೇ ಹೌದು, ಆದರೆ ಆರು ನಿಮಿಷದ ವಿಡಿಯೊದಲ್ಲಿ ಅದನ್ನು ಇಟ್ಟರೆ ನೋಡುವವರು ಪವಾಡಕ್ಕೆ ಕಾಯುತ್ತ ಕೂರುತ್ತಾರೆ. ಆ ನಿರೀಕ್ಷೆ ಮಗುವಿನ ಮೇಲೆ ಬಿದ್ದರೆ ಇಡೀ ಕಥೆ ಕೆಡುತ್ತದೆ. ಅವಳು ಭಿಕ್ಷುಣಿಯಾದ ಮೇಲೆ ದೀಪದ ಕುಡಿಗಳು ಏಳುವುದನ್ನೂ ಆರುವುದನ್ನೂ ನೋಡುತ್ತ ಕುಳಿತ ಪ್ರಸಂಗವೂ ಮೂಲದಲ್ಲಿದೆ. ಅದು ಬೇರೊಂದು ವಿಡಿಯೊಗೆ ಸಾಕಾಗುವಷ್ಟು ತುಂಬಿದೆ, ಹೀಗಾಗಿ ಇಲ್ಲಿ ಬಾಲದಂತೆ ಅಂಟಿಸಬೇಡಿ.

287ನೆಯ ಗಾಥೆಯ ಬಗ್ಗೆ ಸ್ವಲ್ಪ ಯೋಚಿಸಬೇಕು. ಮಕ್ಕಳಲ್ಲಿಯೂ ದನಕರುಗಳಲ್ಲಿಯೂ ಮನಸ್ಸು ಅಂಟಿಸಿಕೊಂಡವನನ್ನು, ಮಲಗಿದ ಊರನ್ನು ಮಹಾಪ್ರವಾಹ ಕೊಚ್ಚಿಕೊಂಡು ಹೋಗುವಂತೆ, ಮೃತ್ಯು ಎತ್ತಿಕೊಂಡು ಹೋಗುತ್ತದೆ ಎಂಬುದು ಅದರ ಭಾವ. ವಿಹಾರದಲ್ಲಿ ಧರ್ಮ ಕೇಳಲು ಕುಳಿತವರಿಗೆ ಇದು ಸರಿಯಾದ ಮಾತು. ಆದರೆ ಇಂಥ ವಿಡಿಯೊವನ್ನು ರಾತ್ರಿ ಒಬ್ಬರೇ ಕುಳಿತು ನೋಡುವವರಲ್ಲಿ ಕಳೆದ ವಾರವಷ್ಟೇ ತಮ್ಮವರನ್ನು ಕಳೆದುಕೊಂಡವರೂ ಇರುತ್ತಾರೆ. ಅವರಿಗೆ ಇದು ‘ಮಗುವನ್ನು ಪ್ರೀತಿಸಿದ್ದೇ ನಿನ್ನ ತಪ್ಪು’ ಎಂಬಂತೆ ಕೇಳಿಸುತ್ತದೆ. ಮೃದುವಾದ ಮರುಕಥನ ಬೇಕೆಂದಿದ್ದರೆ ಗಾಥೆಯನ್ನು ನಿರೂಪಣೆಯಿಂದ ಹೊರಗಿಟ್ಟು, ವಿಡಿಯೊದ ಕೆಳಗಿನ ವಿವರಣೆಯಲ್ಲಿ ಅದರ ಸಂಖ್ಯೆಯನ್ನಷ್ಟೇ ಕೊಡಿ.

ಹಂತ 3: ಅವಧಿಯನ್ನು ಹಂಚಿಕೊಳ್ಳಿ

ಕನ್ನಡದ ಪದಗಳು ಉದ್ದ. ನಿಧಾನವಾಗಿ, ಉಸಿರಿಗೆ ಜಾಗ ಬಿಟ್ಟು ಓದಿದರೆ ನಿಮಿಷಕ್ಕೆ ಸುಮಾರು 80 ಪದಗಳನ್ನು ಲೆಕ್ಕ ಹಿಡಿಯುವುದು ಕ್ಷೇಮ. ನಿಮ್ಮದೇ ಓದಿನ ವೇಗವನ್ನು ಒಂದು ಪುಟ ಗಟ್ಟಿಯಾಗಿ ಓದಿ ಅಳೆದುಕೊಂಡರೆ ಇನ್ನೂ ಒಳ್ಳೆಯದು. ಆರು ನಿಮಿಷದ ವಿಡಿಯೊದಲ್ಲಿ ಎರಡು ನಿಮಿಷವಾದರೂ ಮಾತಿಲ್ಲದೆ ಇರಬೇಕು. ಅಂದರೆ ಸಂಭಾಷಣೆಯೂ ಸೇರಿ ನಿಮ್ಮ ಕೈಯಲ್ಲಿರುವುದು ಸುಮಾರು 320 ಪದಗಳು.

ನಾನು ಹಂಚುವ ರೀತಿ ಇದು: ಮಗು ಮತ್ತು ತಾಯಿಗೆ 50 ಸೆಕೆಂಡು, ಬೀದಿಗೆ 40, ಜೇತವನಕ್ಕೆ 60, ಮೂರು ಮನೆಗಳಿಗೆ 130, ಕಾಡಿಗೆ 40, ಮರಳಿ ಬರುವುದಕ್ಕೆ 40. ಮನೆಗಳ ಭಾಗ 100 ಸೆಕೆಂಡಿಗಿಂತ ಕೆಳಗಿಳಿದರೆ ಬೇರೆ ಭಾಗದಲ್ಲಿ ಎಲ್ಲೋ ವಿವರಣೆ ಬೆಳೆದಿದೆ ಎಂದು ತಿಳಿಯಿರಿ. ಅದು ಹೆಚ್ಚಾಗಿ ಆರಂಭದಲ್ಲಿ ಸಿಗುತ್ತದೆ, ಏಕೆಂದರೆ ‘ಸಾವಿರಾರು ವರ್ಷಗಳ ಹಿಂದೆ’ ಎಂದು ಶುರುಮಾಡಿದ ನಿರೂಪಣೆ ಶ್ರಾವಸ್ತಿಯ ವೈಭವವನ್ನು ಹೇಳದೆ ಬಿಡುವುದಿಲ್ಲ.

ಹಂತ 4: ಷರತ್ತು ಮೋಸದಂತೆ ಕಾಣದಿರಲಿ

ಇಂದಿನ ಪ್ರೇಕ್ಷಕರಲ್ಲಿ ಅನೇಕರು ಈ ಕಥೆಗೆ ಎತ್ತುವ ಆಕ್ಷೇಪ ನ್ಯಾಯವಾದದ್ದೇ. ಮಗು ಸತ್ತಿದೆ ಎಂದು ಗೊತ್ತಿದ್ದೂ ತಾಯಿಯನ್ನು ಬೀದಿ ಅಲೆಸುವುದು ಕ್ರೌರ್ಯವಲ್ಲವೇ ಎಂದು ಅವರು ಕೇಳುತ್ತಾರೆ. ಸ್ಕ್ರಿಪ್ಟ್‌ನಲ್ಲಿ ಬುದ್ಧ ‘ಸಾಸಿವೆ ತಂದರೆ ಮಗುವನ್ನು ಬದುಕಿಸುತ್ತೇನೆ’ ಎಂದರೆ ಆ ಆಕ್ಷೇಪಕ್ಕೆ ಉತ್ತರವೇ ಇರುವುದಿಲ್ಲ, ಅವನು ಸುಳ್ಳು ಹೇಳಿದಂತಾಗುತ್ತದೆ. ಅನೇಕ ಮರುಕಥನಗಳು ಎಡವುವುದು ಇಲ್ಲಿಯೇ. ಮೂಲದ ಸಂಭಾಷಣೆಗೆ ಹತ್ತಿರವಿದ್ದರೆ ಈ ತೊಂದರೆ ತಾನಾಗಿ ತಪ್ಪುತ್ತದೆ.

> ದೃಶ್ಯ: ಜೇತವನ. ಮರದ ನೆರಳು. ಗೋತಮಿ ನಿಂತೇ ಇದ್ದಾಳೆ. ಬುದ್ಧನ ಮುಖ ಅರ್ಧ ಮಾತ್ರ ಕಾಣುತ್ತದೆ.
>
> ಗೋತಮಿ: ಭಂತೆ, ನನ್ನ ಮಗನಿಗೆ ಔಷಧ ನಿಮಗೆ ಗೊತ್ತಿದೆಯಂತೆ.
>
> ಬುದ್ಧ: ಗೊತ್ತಿದೆ, ಗೋತಮಿ.
>
> (ಮೂರು ಸೆಕೆಂಡು ಮಾತಿಲ್ಲ. ಅವಳು ಮಗುವಿನ ಮೇಲಿನ ಬಟ್ಟೆಯನ್ನು ಸರಿಪಡಿಸುತ್ತಾಳೆ.)
>
> ಗೋತಮಿ: ಏನು ತರಲಿ?
>
> ಬುದ್ಧ: ಒಂದು ಚಿಟಿಕೆ ಬಿಳಿ ಸಾಸಿವೆ.
>
> ಗೋತಮಿ: ಅಷ್ಟೇ ತಾನೆ? ತರುತ್ತೇನೆ. ಯಾರ ಮನೆಯಿಂದ ತರಲಿ, ಭಂತೆ?
>
> ಬುದ್ಧ: ಮಗನಾಗಲಿ ಮಗಳಾಗಲಿ, ಯಾರೂ ತೀರಿಕೊಳ್ಳದ ಮನೆಯಿಂದ.

ಷರತ್ತಿನ ನಂತರ ಬುದ್ಧನಿಗೆ ಇನ್ನೊಂದು ಮಾತನ್ನೂ ಕೊಡಬೇಡಿ, ಅರ್ಥಗರ್ಭಿತ ಮುಗುಳ್ನಗೆಯನ್ನಂತೂ ಖಂಡಿತ ಕೊಡಬೇಡಿ. ನಗು ಕಂಡ ಕೂಡಲೇ ನೋಡುವವರಿಗೆ ಇದೊಂದು ಪರೀಕ್ಷೆ ಎನಿಸುತ್ತದೆ. ಗೋತಮಿಗೆ ಷರತ್ತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿದಿಲ್ಲ, ಅವಳಿಗೆ ಕೇಳಿಸಿದ್ದು ಸಾಸಿವೆ ಮಾತ್ರ. ಆದ್ದರಿಂದ ಬುದ್ಧನ ಕೊನೆಯ ಮಾತು ಮುಗಿಯುವುದರೊಳಗೆ ಅವಳು ತಿರುಗಿ ಹೆಜ್ಜೆ ಹಾಕುತ್ತಿರಲಿ.

ಬಿಳಿ ಸಾಸಿವೆ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳಿ. ಮೂಲದಲ್ಲಿರುವುದು ಅದೇ, ಮತ್ತು ಅದರ ತಿಳಿ ಹಳದಿ ಕಾಳು ಮಬ್ಬು ಬೆಳಕಿನಲ್ಲಿ ಅಂಗೈಯ ಮೇಲೆ ಕಪ್ಪು ಸಾಸಿವೆಗಿಂತ ಚೆನ್ನಾಗಿ ಕಾಣುತ್ತದೆ.

ಹಂತ 5: ಮೂರು ಮನೆಗಳನ್ನು ಬರೆಯಿರಿ

ಮನೆಗಳಲ್ಲಿ ಯಾರು ಏನು ಹೇಳಿದರೆಂದು ಅಟ್ಠಕಥೆ ವಿಸ್ತರಿಸುವುದಿಲ್ಲ. ಸಾಸಿವೆ ಕೊಡಲು ಬಂದವರನ್ನು ಅವಳು ಕೇಳುತ್ತಾಳೆ. ‘ಏನು ಹೇಳುತ್ತಿದ್ದೀಯಮ್ಮ, ಬದುಕಿರುವವರು ಕೆಲವರೇ, ಸತ್ತವರೇ ಹೆಚ್ಚು’ ಎಂಬ ಅರ್ಥದ ಉತ್ತರ ಬರುತ್ತದೆ. ಹಾಗಾದರೆ ಇದು ನನ್ನ ಮಗನಿಗೆ ಔಷಧವಲ್ಲ ಎಂದು ಅವಳು ಸಾಸಿವೆಯನ್ನು ಹಿಂದಿರುಗಿಸುತ್ತಾಳೆ. ಈ ಹಿಂದಿರುಗಿಸುವ ಕ್ರಿಯೆಯೇ ನಿಮ್ಮ ಬಂಡವಾಳ. ಕೈಗೆ ಬಂದ ಔಷಧವನ್ನು ಅವಳೇ ತನ್ನ ಕೈಯಾರೆ ಮರಳಿ ಕೊಡಬೇಕಾಗಿದೆ, ಅದೂ ಮತ್ತೆ ಮತ್ತೆ.

ಥೇರೀಗಾಥೆಯ ವ್ಯಾಖ್ಯಾನದಲ್ಲಿ ಅವಳ ಮನಸ್ಸು ತಿಳಿಯಾಗುವುದು ಮೂರನೆಯ ಮನೆಯ ವೇಳೆಗೆ. ವಿಡಿಯೊಗೂ ಮೂರು ಸಾಕು. ಐದಾರು ಮನೆಗಳನ್ನು ಇಟ್ಟರೆ ಅದು ಪಟ್ಟಿಯಾಗುತ್ತದೆ, ನಾಲ್ಕನೆಯ ಮನೆಯ ಹೊತ್ತಿಗೆ ಪ್ರೇಕ್ಷಕರ ಗಮನ ಸಡಿಲವಾಗುತ್ತದೆ. ಆದರೆ ಮೂರೂ ಮನೆಗಳಲ್ಲಿ ಅದೇ ಪ್ರಶ್ನೆ, ಅದೇ ಉತ್ತರ, ಅದೇ ತಲೆ ತಗ್ಗಿಸುವಿಕೆ ಇದ್ದರೆ ಮೂರೂ ಹೆಚ್ಚೇ. ಪ್ರತಿ ಮನೆಯಲ್ಲಿ ಗೋತಮಿಯ ನಡವಳಿಕೆಯಲ್ಲಿ ಒಂದು ಬದಲಾವಣೆ ಆಗಲೇಬೇಕು. ಮೊದಲ ಮನೆಯಲ್ಲಿ ಅವಳು ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ಎರಡನೆಯದರಲ್ಲಿ ಕೇಳಿಸಿಕೊಳ್ಳುತ್ತಾಳೆ, ಆದರೆ ಏನೂ ಹೇಳುವುದಿಲ್ಲ. ಮೂರನೆಯದರಲ್ಲಿ ಅವಳೇ ಆ ಮನೆಯ ಸಾವಿನ ಬಗ್ಗೆ ವಿಚಾರಿಸುತ್ತಾಳೆ.

> ಮೊದಲ ಮನೆ. ಹೊಸ್ತಿಲಲ್ಲಿ ಮುದುಕಿ. ಅಂಗೈಯಲ್ಲಿ ಸಾಸಿವೆ.
>
> ಗೋತಮಿ: ಅಮ್ಮ, ಈ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೆ?
>
> ಮುದುಕಿ: ಇದೆಂಥ ಮಾತು ಮಗಳೇ, ಇದ್ದವರಿಗಿಂತ ಹೋದವರೇ ಹೆಚ್ಚು. ಮೊದಲು ನಮ್ಮ ಯಜಮಾನರು, ಆಮೇಲೆ…
>
> (ಗೋತಮಿ ಆಗಲೇ ಸಾಸಿವೆಯನ್ನು ಅವಳ ಕೈಗೆ ಸುರಿದು ನಡೆದಿದ್ದಾಳೆ.)
>
> ಎರಡನೆಯ ಮನೆ. ಒಳಗೆ ಒನಕೆಯ ಸದ್ದು, ಪ್ರಶ್ನೆ ಕೇಳಿದೊಡನೆ ನಿಲ್ಲುತ್ತದೆ.
>
> ಯುವಕ: ನನ್ನ ತಂಗಿ. ಹೋದ ಮಳೆಗಾಲದಲ್ಲಿ. ಅವಳ ತಟ್ಟೆಯನ್ನು ಅಮ್ಮ ಈಗಲೂ ತೊಳೆದು ಇಡುತ್ತಾಳೆ.
>
> (ಗೋತಮಿ ಒಳಗೆ ನೋಡುತ್ತಾಳೆ. ಸಾಸಿವೆಯನ್ನು ಹೊಸ್ತಿಲ ಮೇಲೆ ಇಡುತ್ತಾಳೆ. ಒನಕೆಯ ಸದ್ದು ಮತ್ತೆ ಶುರುವಾಗುವುದಿಲ್ಲ.)
>
> ಮೂರನೆಯ ಮನೆ. ಸಂಜೆ. ಒಬ್ಬ ಹೆಂಗಸು ಸಾಸಿವೆ ಹಿಡಿದು ಬರುತ್ತಾಳೆ, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ನೋಡಿ ನಿಲ್ಲುತ್ತಾಳೆ. ಗೋತಮಿ ತನ್ನ ಪ್ರಶ್ನೆ ಕೇಳುವುದಿಲ್ಲ.
>
> ಗೋತಮಿ: ನಿಮ್ಮ ಮನೆಯಲ್ಲಿ… ಯಾರು?
>
> ಹೆಂಗಸು: ಮಗ.
>
> ಗೋತಮಿ: ಎಷ್ಟು ವಯಸ್ಸು?
>
> ಹೆಂಗಸು: ಆಗಷ್ಟೇ ಮಾತು ಕಲಿಯುತ್ತಿದ್ದ.
>
> (ಇಬ್ಬರೂ ಹೊಸ್ತಿಲ ಮೇಲೆ ಕುಳಿತುಕೊಳ್ಳುತ್ತಾರೆ. ಹದಿನೈದು ಸೆಕೆಂಡು ಮಾತಿಲ್ಲ, ಸಂಗೀತವೂ ಇಲ್ಲ.)

ಮೂರನೆಯ ಮನೆಯಲ್ಲಿ ಗೋತಮಿ ‘ಎಷ್ಟು ವಯಸ್ಸು’ ಎಂದು ಕೇಳಿದಲ್ಲಿ ಕಥೆ ತಿರುಗುತ್ತದೆ. ಅಲ್ಲಿಯವರೆಗೆ ಅವಳ ಪ್ರತಿ ಮಾತೂ ತನ್ನ ಮಗನಿಗಾಗಿಯೇ ಇತ್ತು. ಈಗ ಮೊದಲ ಬಾರಿ ಇನ್ನೊಬ್ಬಳ ಮಗನ ಬಗ್ಗೆ ಕೇಳಿದ್ದಾಳೆ. ಇದನ್ನು ನಿರೂಪಕರು ವಿವರಿಸಬಾರದು. ‘ಆಗ ಅವಳಿಗೆ ಅರ್ಥವಾಯಿತು’ ಎಂಬ ವಾಕ್ಯ ಕರಡಿನಲ್ಲಿ ಬಂದೇ ಬರುತ್ತದೆ; ಅದನ್ನು ಹೊಡೆದುಹಾಕಿ ಆ ಜಾಗದಲ್ಲಿ ಮೌನವನ್ನು ಬರೆಯಿರಿ, ಸೆಕೆಂಡುಗಳ ಲೆಕ್ಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಸಂಕಲನ ಮಾಡುವವರು ಅದನ್ನು ಖಾಲಿ ಜಾಗವೆಂದು ಕತ್ತರಿಸುತ್ತಾರೆ.

ಮನೆಯವರ ಮಾತುಗಳಲ್ಲಿ ಸಾಮಾನ್ಯ ಹೇಳಿಕೆ ಇರಬಾರದು. ‘ನಮ್ಮ ಮನೆಯಲ್ಲೂ ಸಾವಾಗಿದೆ’ ಎಂಬುದು ಮಾಹಿತಿ ಮಾತ್ರ. ತೊಳೆದಿಟ್ಟ ತಟ್ಟೆ ಆ ತಂಗಿಯನ್ನು ನಮ್ಮ ಕಣ್ಣ ಮುಂದೆ ತರುತ್ತದೆ. ಒಂದು ಮನೆಗೆ ಇಂಥ ಒಂದೇ ವಸ್ತು ಸಾಕು, ಎರಡು ಇಟ್ಟರೆ ಕಣ್ಣೀರು ಬರಿಸುವ ಪ್ರಯತ್ನ ಎದ್ದು ಕಾಣುತ್ತದೆ. ಈ ಮನೆಗಳ ವಿವರಗಳು ನಿಮ್ಮ ಕಲ್ಪನೆಯವು, ಮೂಲದವಲ್ಲ. ಹಾಗೆ ಕಲ್ಪಿಸಿಕೊಳ್ಳಲು ಈ ಕಥೆಯಲ್ಲಿ ಅವಕಾಶವಿದೆ, ಆದರೆ ಬುದ್ಧನ ಬಾಯಲ್ಲಿ ನಿಮ್ಮ ಕಲ್ಪನೆಯ ಮಾತು ಬರಬಾರದು. ಅದನ್ನು ಕೇಳಿದವರು ಬುದ್ಧವಚನವೆಂದೇ ಹಂಚಿಕೊಳ್ಳುತ್ತಾರೆ.

ಹಂತ 6: ಮಗುವನ್ನು ಹೇಗೆ ತೋರಿಸಬೇಕು

ಜೀವಂತವಾಗಿದ್ದಾಗ ಮುಖ ತೋರಿಸಿ, ಸತ್ತ ಮೇಲೆ ತೋರಿಸಬೇಡಿ. ಆರಂಭದ 50 ಸೆಕೆಂಡಿನಲ್ಲಿ ಮಗು ಗೋಡೆ ಹಿಡಿದು ಎರಡು ಹೆಜ್ಜೆ ಇಡುವುದು, ಬೀಳುವುದು, ಮತ್ತೆ ಏಳುವುದು ಕಾಣಲಿ. ಮುಂದಿನ ಶಾಟ್‌ನಲ್ಲಿ ಅದೇ ಗೋಡೆ ಇರುತ್ತದೆ, ಮಗು ಇರುವುದಿಲ್ಲ. ಕಾಯಿಲೆ, ವೈದ್ಯರು, ಕೊನೆಯುಸಿರು ಯಾವುದೂ ಬೇಡ. ಅಲ್ಲಿಂದ ಮುಂದೆ ಬಟ್ಟೆಯ ಸುತ್ತು ಮತ್ತು ಅದನ್ನು ಹಿಡಿದ ಕೈಗಳಷ್ಟೇ ಸಾಕು. ಬೀದಿಯ ದೃಶ್ಯದಲ್ಲಿ ಜನರ ಅಪಹಾಸ್ಯವನ್ನು ಒಂದೇ ಧ್ವನಿಗೆ ಇಳಿಸಿ, ಅವಳನ್ನು ಜೇತವನಕ್ಕೆ ಕಳುಹಿಸುವವನ ದನಿ ಅದಕ್ಕಿಂತ ತಗ್ಗಿದ್ದರೂ ಸ್ಪಷ್ಟವಾಗಿರಲಿ.

ಚಿತ್ರ ಬಿಡಿಸುವವರಿಗೋ ಚಿತ್ರೀಕರಣದವರಿಗೋ ಕಾಲದ ಬಗ್ಗೆ ಒಂದು ಟಿಪ್ಪಣಿ ಕೊಡಿ. ಅಂಗಳದಲ್ಲಿ ಒಣಗಲು ಹಾಕಿದ ಕೆಂಪು ಮೆಣಸಿನಕಾಯಿ, ಬಾಗಿಲಿಗೆ ಚೆಂಡುಹೂವಿನ ತೋರಣ ಹಳೆಯ ಊರಿನ ಚಿತ್ರದಲ್ಲಿ ತಾವಾಗಿ ಬಂದುಬಿಡುತ್ತವೆ. ಎರಡೂ ಅಮೆರಿಕ ಖಂಡದಿಂದ ಬಂದ ಗಿಡಗಳು, ಭಾರತವನ್ನು ತಲುಪಿದ್ದು 1500ರ ನಂತರ. ಬುದ್ಧನ ಕಾಲದ ಶ್ರಾವಸ್ತಿಯಲ್ಲಿ ಅವು ಇರಲು ಸಾಧ್ಯವಿಲ್ಲ. ಮಲ್ಲಿಗೆ, ತಾವರೆ, ಭತ್ತ, ಮಣ್ಣಿನ ಮಡಕೆಗಳಿಂದ ಕೆಲಸ ನಡೆಯುತ್ತದೆ.

ಹಂತ 7: ಕಾಡು ಮತ್ತು ಮರಳುವಿಕೆ

ಮೂಲದಲ್ಲಿ ಗೋತಮಿ ಮಗುವಿನ ದೇಹವನ್ನು ಕಾಡಿನಲ್ಲಿ ಬಿಟ್ಟು ಬುದ್ಧನ ಬಳಿಗೆ ಮರಳುತ್ತಾಳೆ. ಇಂದಿನವರಿಗೆ ‘ಬಿಟ್ಟು ಬಂದಳು’ ಎಂಬುದು ನಿರ್ದಯವಾಗಿ ಕೇಳಿಸುತ್ತದೆ. ದೇಹವನ್ನು ಕಾಡಿನಲ್ಲಿ ಇರಿಸುವುದು ಆ ಕಾಲದಲ್ಲಿದ್ದ ಪದ್ಧತಿಗಳಲ್ಲಿ ಒಂದು ಎಂದು ವಿವರಿಸಲು ಹೋದರೆ ವಿಡಿಯೊ ಪಾಠವಾಗುತ್ತದೆ. ಆದ್ದರಿಂದ ಕ್ರಿಯೆಯನ್ನು ನಿಧಾನಿಸಿ: ಅವಳು ನೆಲವನ್ನು ಕೈಯಿಂದ ಗುಡಿಸುತ್ತಾಳೆ, ಮಲಗಿಸುತ್ತಾಳೆ, ಬಟ್ಟೆಯ ಅಂಚನ್ನು ಒಳಗೆ ಮಡಿಸುತ್ತಾಳೆ. ಮನೆಯಲ್ಲಿ ಮಗುವನ್ನು ಮಲಗಿಸುವಾಗ ಮಾಡುತ್ತಿದ್ದ ಅದೇ ಕೆಲಸ ಅದು. ಇಲ್ಲಿ ನಿರೂಪಣೆ ಒಂದೇ ವಾಕ್ಯವಿದ್ದರೆ ಸಾಕು: ‘ಕತ್ತಲಾಗುವವರೆಗೆ ಅವಳು ಅಲ್ಲೇ ಕುಳಿತಿದ್ದಳು.’ ಅವಳು ಅಳಲಿ. ಅಳು ನಿಂತ ಮೇಲೆಯೇ ತಿಳಿವು ಬರುತ್ತದೆ ಎಂಬ ಸೂಚನೆ ಬೇಡ.

ಮರಳಿ ಬಂದಾಗ ಬುದ್ಧ ಕೇಳುವ ಪ್ರಶ್ನೆ ಮೂಲದಲ್ಲಿಯೂ ಸರಳವಾಗಿದೆ.

> ಬುದ್ಧ: ಸಾಸಿವೆ ಸಿಕ್ಕಿತೆ, ಗೋತಮಿ?
>
> ಗೋತಮಿ: ಇಲ್ಲ, ಭಂತೆ. ಊರಿನಲ್ಲಿ ಬದುಕಿರುವವರಿಗಿಂತ ಸತ್ತವರೇ ಹೆಚ್ಚು.

ಮೊದಲ ಮನೆಯ ಮುದುಕಿ ಹೇಳಿದ, ಆಗ ಅವಳಿಗೆ ಕೇಳಿಸದೇ ಹೋದ ಮಾತು ಈಗ ಅವಳ ಬಾಯಲ್ಲೇ ಬಂದಿರುವುದನ್ನು ಗಮನಿಸಿ. ಈ ಕಾರಣಕ್ಕಾಗಿಯೇ ಮುದುಕಿಯ ಮಾತನ್ನು ಎಷ್ಟೇ ಅವಸರವಿದ್ದರೂ ಕತ್ತರಿಸಬಾರದು. ನಂತರ ಅವಳು ಪ್ರವ್ರಜ್ಯೆ ಎಂಬ ಸನ್ಯಾಸ ದೀಕ್ಷೆಯನ್ನು ಬೇಡಿ ಭಿಕ್ಷುಣಿಯಾದಳು ಎಂಬುದನ್ನು ಪರದೆಯ ಮೇಲೆ ಒಂದು ಸಾಲಿನ ಬರಹವಾಗಿ ಕೊಡಿ. ನಿರೂಪಣೆಯಲ್ಲಿ ಹೇಳಿದರೆ ಭಿಕ್ಷುಣಿಯಾಗುವುದೇ ದುಃಖಕ್ಕೆ ಪರಿಹಾರವೆಂಬ ಅರ್ಥ ಹೊರಡುತ್ತದೆ.

ಹಂತ 8: ಓದಿಸಿ ನೋಡಿ

ಧ್ವನಿಮುದ್ರಣಕ್ಕೆ ಮೊದಲು ಕಥೆ ಗೊತ್ತಿಲ್ಲದ ಒಬ್ಬರಿಗೆ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿ ಹೇಳಿ. ಇತ್ತೀಚೆಗೆ ಸಾವು ಕಂಡ ಮನೆಯವರನ್ನು ಇದಕ್ಕೆ ಕರೆಯಬೇಡಿ. ಓದಿದ ಮೇಲೆ ‘ಹೇಗಿತ್ತು’ ಎಂದು ಕೇಳಿದರೆ ಚೆನ್ನಾಗಿತ್ತು ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬದಲಾಗಿ ಎರಡನೆಯ ಮನೆಯಲ್ಲಿ ತೀರಿಕೊಂಡವರು ಯಾರು ಎಂದು ಕೇಳಿ. ತಂಗಿ ಎಂಬ ಉತ್ತರ ಬಾರದಿದ್ದರೆ ಮನೆಗಳ ಭಾಗ ಇನ್ನೂ ಮಸುಕಾಗಿದೆ. ಬುದ್ಧ ಅವಳಿಗೆ ಏನು ಮಾತು ಕೊಟ್ಟ ಎಂದೂ ಕೇಳಿ. ಮಗುವನ್ನು ಬದುಕಿಸುವುದಾಗಿ ಹೇಳಿದ ಎಂದರೆ ಜೇತವನದ ದೃಶ್ಯದಲ್ಲಿ, ಹೆಚ್ಚಾಗಿ ಅದರ ಹಿಂದಿನ ನಿರೂಪಣೆಯಲ್ಲಿ, ಎಲ್ಲೋ ಒಂದು ಪದ ಅತಿಯಾಗಿದೆ. ‘ಆಸೆಯ ಬೆಳಕು’, ‘ಪವಾಡಪುರುಷ’ ಇಂಥವನ್ನು ಹುಡುಕಿ ತೆಗೆಯಿರಿ.

ನಿರೂಪಕರು ಅಳುವ ದನಿಯಲ್ಲಿ ಓದಬಾರದು. ದುಃಖದ ವಾಕ್ಯವನ್ನು ದುಃಖದಿಂದಲೇ ಓದಿದರೆ ಕೇಳುವವರಿಗೆ ಉಳಿಯುವುದು ಏನೂ ಇಲ್ಲ. ದಿನದ ಸಮಾಚಾರವನ್ನು ಆಪ್ತರಿಗೆ ಹೇಳುವಷ್ಟೇ ದನಿ ಸಾಕು, ವಾಕ್ಯದ ಕೊನೆಯನ್ನು ಎಳೆಯದಿರಲಿ. ಹಿನ್ನೆಲೆ ಸಂಗೀತ ಆರಂಭದಲ್ಲಿ ಮತ್ತು ಕಾಡಿನ ದೃಶ್ಯದ ನಂತರ ಮಾತ್ರ ಇರಲಿ, ಮನೆಗಳ ಭಾಗದಲ್ಲಿ ಒನಕೆ, ಹೆಜ್ಜೆ, ಬಾಗಿಲುಗಳ ಸದ್ದು ಕೇಳಲಿ.

ಕೊನೆಯದಾಗಿ ಥಂಬ್‌ನೇಲ್ ಮತ್ತು ಶೀರ್ಷಿಕೆ. ಅಳುವ ತಾಯಿಯ ಮುಖದ ಕ್ಲೋಸಪ್ ಹೆಚ್ಚು ಜನರನ್ನು ಸೆಳೆಯಬಹುದು, ಆದರೆ ಮೃದುವಾಗಿ ಬರೆದ ಸ್ಕ್ರಿಪ್ಟ್‌ಗೆ ಅದು ಹೊಂದುವುದಿಲ್ಲ. ಹೊಸ್ತಿಲ ಮೇಲೆ ಕುಳಿತ ಇಬ್ಬರು ಹೆಂಗಸರ ಬೆನ್ನು ಕಾಣುವ ಚಿತ್ರವನ್ನು ಬಳಸಿ. ಶೀರ್ಷಿಕೆಯಲ್ಲಿ ಮಗುವಿನ ಸಾವಿನ ಕಥೆ ಎಂಬುದು ತಿಳಿಯುವಂತಿರಲಿ, ಏಕೆಂದರೆ ಈಗ ಅದನ್ನು ನೋಡಲಾಗದ ಸ್ಥಿತಿಯಲ್ಲಿರುವವರಿಗೆ ತೆರೆಯುವ ಮೊದಲೇ ಅದು ಗೊತ್ತಾಗಬೇಕು.